ಪೋಸ್ಟರಿನ ಒಂದೇ ಸಾಲು ತಿದ್ದಿದರೆ ಅಂಟಿಸಿದ ಹಾಗೆ ಕಾಣುತ್ತದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಹಬ್ಬದ ಪೋಸ್ಟರಿನಲ್ಲಿ ಸಮಯದ ಸಾಲು ಮಾತ್ರ ಬದಲಾಗಬೇಕು. ನನ್ನ ಹತ್ತಿರ ಇರುವುದು ಜೆಪಿಜಿ ಮಾತ್ರ. ಹಳದಿ ಅಕ್ಷರ, ಕೆಂಪು ಔಟ್‌ಲೈನ್, ಕಪ್ಪು ನೆರಳು, ಸುತ್ತ ಗ್ಲೋ. ಫಾಂಟ್ ಸಿಕ್ಕಿದೆ, ಹಿನ್ನೆಲೆಯೂ ಸರಿಯಾಗಿದೆ. ಆದರೂ ಹೊಸ ಸಾಲು ಬೇರೆಯಾಗಿ ಕಾಣುತ್ತದೆ. ಹೇಗೆ ಹೊಂದಿಸೋದು?

ಲೇಯರ್ ಪ್ರೇಮಿ: ಮೊದಲು ಫೋಟೋಶಾಪಿನ ಮೂಲ ಫೈಲ್ ಕೇಳಿ. ನಾನು ಪಿಎಸ್‌ಡಿ ಇಲ್ಲದೆ ಕೆಲಸ ಮುಟ್ಟುವುದೇ ಇಲ್ಲ. ಪಕ್ಕದ ಸಾಲಿನ ಮೇಲೆ `Copy Layer Style`, ಹೊಸದರ ಮೇಲೆ `Paste Layer Style`, ಮುಗಿಯಿತು. ಆದರೆ ದೊಡ್ಡ ಶೀರ್ಷಿಕೆಯ ಸ್ಟೈಲನ್ನು ಸಣ್ಣ ಸಾಲಿಗೆ ಹಾಕಬೇಡಿ. ಔಟ್‌ಲೈನ್ ಅದೇ ದಪ್ಪ ಇರುತ್ತದೆ, ಅಕ್ಷರದ ಸಂದಿಯೆಲ್ಲ ಮುಚ್ಚಿ ಹೋಗುತ್ತದೆ. ಒಮ್ಮೆ ಒತ್ತಕ್ಷರಗಳೆಲ್ಲ ಕೆಂಪು ಮುದ್ದೆಯಾಗಿದ್ದವು. `Scale Effects` ಒಳಗೆ ಹೋಗಿ ಶೇಕಡಾವಾರು ಇಳಿಸಿದ ಮೇಲೇ ಓದಲು ಬಂತು. ಇನ್ನೊಂದು ಸಲ ಸಹಾಯಕ್ಕೆ ಬಂದವರು `Use Global Light` ಟಿಕ್ ಇರುವಾಗಲೇ ಆ್ಯಂಗಲ್ ತಿರುಗಿಸಿದರು. ಪೋಸ್ಟರಿನ ಅಷ್ಟೂ ನೆರಳು ಎಡಕ್ಕೆ ಹೊರಳಿತು, ಪ್ರಿಂಟ್ ಆಗುವವರೆಗೆ ಯಾರೂ ನೋಡಲಿಲ್ಲ. ಅಷ್ಟೂ ಹಾಳೆ ರದ್ದಿಗೆ ಹೋಯಿತು.

ಪಿಕ್ಸೆಲ್ ಎಣಿಸುವವಳು: ಸರ್, ಅವರ ಹತ್ತಿರ ಜೆಪಿಜಿ ಮಾತ್ರ ಇದೆ ಅಂತ ಮೊದಲೇ ಬರೆದಿದ್ದಾರೆ ಅಲ್ವಾ?

ನನ್ನನ್ನು ಬಹಳ ಕಾಡಿದ್ದು ನೆರಳು. ಫೋಟೋಶಾಪಿನಲ್ಲಿ ಒಂದೇ ಲೇಯರಿಗೆ ಔಟ್‌ಲೈನೂ ನೆರಳೂ ಕೊಟ್ಟರೆ, ನೆರಳು ಬೀಳುವುದು ಅಕ್ಷರದಿಂದ. ಔಟ್‌ಲೈನಿನಿಂದ ಅಲ್ಲ. ಹೊರಗಿನ ಔಟ್‌ಲೈನ್ ಆ ನೆರಳನ್ನು ಅರ್ಧ ನುಂಗಿಬಿಡುತ್ತದೆ. ಮೂಲ ಪೋಸ್ಟರಿನವರು ಲೇಯರನ್ನು ಗ್ರೂಪಿನೊಳಗೆ ಇಟ್ಟು ನೆರಳನ್ನು ಆ ಗ್ರೂಪಿಗೆ ಕೊಟ್ಟಿದ್ದರೆ ಅದು ಔಟ್‌ಲೈನ್ ಸೇರಿಸಿ ಬಿದ್ದಿರುತ್ತದೆ. ನಾನು ಕೈಗೆತ್ತಿಕೊಂಡಿದ್ದ ಪೋಸ್ಟರ್ ಅಂಥದ್ದೇ.

ಪತ್ತೆ ಹಚ್ಚಿದ್ದು ಹೀಗೆ. ಚೆನ್ನಾಗಿ ಜೂಮ್ ಮಾಡಿ ನೇರ ನಿಂತ ಗೆರೆ ಇರುವ ಒಂದು ಅಂಕಿ ಹುಡುಕಿದೆ. ಔಟ್‌ಲೈನ್ 6 ಪಿಕ್ಸೆಲ್. ಅದರ ಬಲಕ್ಕೆ ನೆರಳು 9 ಪಿಕ್ಸೆಲ್ ಆಚೆ ಕಾಣುತ್ತಿತ್ತು. ಆಮೇಲೆ ಮೇಲ್ತುದಿ ನೋಡಿದೆ. ಔಟ್‌ಲೈನಿನ ತುದಿಯಿಂದ 9 ಪಿಕ್ಸೆಲ್ ಕೆಳಗೆ ನೆರಳು ಶುರುವಾಗಿತ್ತು. ಎರಡೂ ಸಮ, ಅಂದರೆ ನೆರಳು ಔಟ್‌ಲೈನಿನದ್ದು. ಬರೀ ಅಕ್ಷರದ ನೆರಳು ಬಲಕ್ಕೆ 9 ಕಾಣಬೇಕಾದರೆ 15 ಸರಿದಿರಬೇಕು. 45 ಡಿಗ್ರಿ ಓರೆಯಲ್ಲಿ ಆಗ ಮೇಲ್ತುದಿಯಿಂದ 21 ಕೆಳಗೆ ಶುರುವಾಗುತ್ತಿತ್ತು. ಹಾಗಾಗಿ ಟೆಕ್ಸ್ಟಿಗೆ ಔಟ್‌ಲೈನ್ ಮಾತ್ರ ಕೊಟ್ಟು ಗ್ರೂಪಿಗೆ ಹಾಕಿದೆ. ಗ್ರೂಪಿಗೆ ನೆರಳು, ಆ್ಯಂಗಲ್ 135, `Distance` 13. ಬಲಕ್ಕೆ 9, ಕೆಳಕ್ಕೆ 9 ಅಂದರೆ ಓರೆಯಲ್ಲಿ ಹತ್ತಿರ ಹತ್ತಿರ 13. ಗ್ಲೋ ಕೂಡ ಔಟ್‌ಲೈನಿನ ಆಚೆಯಿಂದ ಶುರುವಾಗಿದ್ದರಿಂದ ಅದನ್ನೂ ಗ್ರೂಪಿಗೇ ಕೊಟ್ಟೆ.

ಕಪ್ಪು ಎಷ್ಟು ಗಾಢ ಅನ್ನುವುದಕ್ಕೂ ಲೆಕ್ಕ ಇದೆ. ಹಿನ್ನೆಲೆಯ ಬೆಳಕಿನ ಮೌಲ್ಯ 200, ನೆರಳಿನ ಅತಿ ಕಪ್ಪಾದ ಜಾಗದಲ್ಲಿ 80. 80 ಅಂದರೆ 200ರಲ್ಲಿ ಶೇ 40. ಉಳಿದ ಶೇ 60 ನೆರಳು ತಿಂದಿದೆ, ಹಾಗಾಗಿ `Multiply`ನಲ್ಲಿ `Opacity` ಶೇ 60. ನೆರಳು ತೀರಾ ಮಸುಕಾಗಿ ಹರಡಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಪೂರ್ತಿ ಕಪ್ಪಾದ ಜಾಗವೇ ಸಿಗುವುದಿಲ್ಲ.

ಪ್ರಿಂಟಿನಲ್ಲಿ ನೊಂದವನು: ಇಷ್ಟೆಲ್ಲ ಎಣಿಸಿ ಕೂತಿದ್ದೆ ನಾನೂ. ಎಲ್ಲ ಹೊಂದಿದರೂ ಹೊಸ ಸಾಲು ಎದ್ದು ಕಾಣುತ್ತಿತ್ತು. ಹಳೆಯ ಸಾಲುಗಳು ಜೆಪಿಜಿ ಆಗಿ ಆಗಿ ಮೆತ್ತಗಾಗಿದ್ದವು, ನನ್ನದು ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ಚೂಪು. ಕೊನೆಗೆ ಆ ಬ್ಲಾಕಿನ ಎಲ್ಲ ಸಾಲುಗಳನ್ನೂ ಹೊಸದಾಗಿ ಬರೆದೆ. ಹೋಲಿಸಲು ಹಳೆಯ ಸಾಲೇ ಇಲ್ಲ ಅಂದರೆ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ? ಸುಮ್ನೆ ಎಣಿಸುತ್ತ ರಾತ್ರಿ ಕಳೆಯಬೇಡಿ.

ಪಿಕ್ಸೆಲ್ ಎಣಿಸುವವಳು: ಚೂಪಿಗೆ ಅರ್ಧ ಪಿಕ್ಸೆಲ್ `Gaussian Blur` ಕೊಟ್ಟು ಸ್ವಲ್ಪ ನಾಯ್ಸ್ ಸೇರಿಸಿದರೆ ಆಯಿತು. ಅದಕ್ಕೆ ಬ್ಲಾಕನ್ನೇ ಕಿತ್ತು ಹಾಕಬೇಕಾ? ಹಾಗೆ ಮಾಡಿದರೆ ಶೀರ್ಷಿಕೆಗೂ ಬ್ಲಾಕಿಗೂ ಹೊಂದುವುದಿಲ್ಲ.

ಪ್ರಿಂಟಿನಲ್ಲಿ ನೊಂದವನು: ಶೀರ್ಷಿಕೆ ದೂರ ಇದೆ ಮೇಡಂ. ಕಣ್ಣು ಪಕ್ಕದ ಸಾಲನ್ನೇ ನೋಡೋದು. ನೀವು ಸ್ಕ್ರೀನ್ ಬಿಟ್ಟು ಹಾಳೆ ನೋಡಿದ್ದೀರಾ?

ಲೇಯರ್ ಪ್ರೇಮಿ: ಫೈಲ್ ಕೇಳಿ ಅಂದಿದ್ದಕ್ಕೆ ನನಗೆ ಪಾಠ ಮಾಡಿದಿರಿ. ಈಗ ನೋಡಿ, ಬ್ಲರ್, ನಾಯ್ಸ್, ಇನ್ನೂ ಏನೇನೋ.

ಹೊಸಬ: ನನ್ನದು ಇಲಸ್ಟ್ರೇಟರ್. ಔಟ್‌ಲೈನ್ ಅಕ್ಷರದ ಒಳಕ್ಕೂ ಬಂದು ಹಳದಿಯನ್ನು ತಿನ್ನುತ್ತದೆ. ಇದಕ್ಕೂ ಗ್ರೂಪೇನಾ?

ಪಿಕ್ಸೆಲ್ ಎಣಿಸುವವಳು: ಅಲ್ಲ. `Appearance` ಪ್ಯಾನೆಲ್‌ನಲ್ಲಿ `Stroke` ಅನ್ನು `Characters` ಕೆಳಕ್ಕೆ ಎಳೆಯಿರಿ. ಅರ್ಧ ದಪ್ಪ ಅಕ್ಷರದ ಹಿಂದೆ ಅಡಗುತ್ತದೆ, ಹಾಗಾಗಿ 6 ಕಾಣಬೇಕಾದರೆ 12 ಕೊಡಿ.

ಪ್ರಿಂಟಿನಲ್ಲಿ ನೊಂದವನು: ಗ್ಲೋ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. `Screen` ಮೋಡ್‌ನಲ್ಲಿ ಇಟ್ಟ ಗ್ಲೋ ಬಿಳಿ ಹಿನ್ನೆಲೆ ಮೇಲೆ ಕಾಣುವುದೇ ಇಲ್ಲ. ಪ್ರಿಂಟಿಗೆಂದು ಬಣ್ಣವನ್ನು ಸಿಎಂವೈಕೆಗೆ ಬದಲಿಸಿದ ಕೂಡಲೇ ನನ್ನ ಗ್ಲೋ ಮಂಕಾಯಿತು, ಹಳೆಯ ಸಾಲಿನದ್ದು ಹಾಗೇ ಉಳಿದಿತ್ತು.

ಲೇಯರ್ ಪ್ರೇಮಿ: ಲೇಯರ್ ಮರ್ಜ್ ಮಾಡದೆ ಬದಲಿಸಿರುತ್ತೀರಿ.

ಪ್ರಿಂಟಿನಲ್ಲಿ ನೊಂದವನು: ಮರ್ಜ್ ಮಾಡಿಯೇ ಬದಲಿಸಿದ್ದು. ನೋಡದೆ ಹೇಳಬೇಡಿ.