ಹಳೇ ಬಿಲ್ಲಿಂಗ್ ಆ್ಯಪ್: ಕೆಡವಿ ಕಟ್ಟೋದಾ, ರಿಪೇರಿ ಮಾಡೋದಾ?

ಪ್ರಶ್ನೆ: ಅಡಿಕೆ ಮಂಡಿಯೊಂದರ ಬಿಲ್ಲಿಂಗ್ ಆ್ಯಪ್ ನೋಡಿಕೊಳ್ಳುತ್ತೇನೆ. 2012ರಲ್ಲಿ ಬರೆದದ್ದು, ಈಗ ಪಿಎಚ್‌ಪಿ 5.6ರಲ್ಲಿ ಓಡುತ್ತಿದೆ. ಬರೆದವರು ಬಿಟ್ಟುಹೋಗಿದ್ದಾರೆ. ನಾಲ್ಕು ತಿಂಗಳಲ್ಲಿ ಹೋಸ್ಟಿಂಗ್‌ನವರು ಹಳೇ ಪಿಎಚ್‌ಪಿ ತೆಗೆಯುತ್ತಾರಂತೆ. ಮಾಲೀಕರು "ಪೂರ್ತಿ ಹೊಸದಾಗಿ ಬರೀರಿ" ಅಂತಾರೆ. ಡೆವಲಪರ್‌ಗಳು ನಾವಿಬ್ಬರೇ. ಏನು ಮಾಡಲಿ?

ಬೆಂಗಳೂರಿನ ಡೆವಲಪರ್: ಯೋಚನೆಯೇ ಬೇಡ ಸರ್, ಹೊಸದಾಗಿ ಬರೆಯಬೇಡಿ. ನೆಟ್‌ಸ್ಕೇಪ್ ಹಾಗೆ ಮಾಡಿಯೇ ಮುಳುಗಿತು.

ಹಳೇ ಸಿಸ್ಟಮ್‌ಗಳ ಕೆಲಸ ಮಾಡುವವರು: ಆ ಕಥೆ ಅಷ್ಟು ನೇರ ಅಲ್ಲ. 1997ರಲ್ಲಿ 4ನೇ ಆವೃತ್ತಿ ಬಂತು, 6 ಬರುವಷ್ಟರಲ್ಲಿ 2000ದ ಕೊನೆ. ಆ ಮಧ್ಯೆ ಮಾರುಕಟ್ಟೆ ಕೈ ತಪ್ಪಿತು, ನಿಜ. ಆದರೆ ಹೊಸದಾಗಿ ಬರೆದ ಅದೇ ಕೋಡ್‌ನಿಂದ ಮುಂದೆ ಫೈರ್‌ಫಾಕ್ಸ್ ಬಂತು.

ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಮುಂದೆ ಎರಡು ತೊಂದರೆಗಳಿವೆ, ಮಾಲೀಕರು ಅವನ್ನು ಒಂದೇ ಮಾಡಿಕೊಂಡಿದ್ದಾರೆ. ಪಿಎಚ್‌ಪಿ ಬದಲಿಸುವುದಕ್ಕೆ ಗಡುವಿದೆ. ಕೋಡ್ ಚೆನ್ನಾಗಿ ಮಾಡುವುದಕ್ಕೆ ಯಾವ ಗಡುವೂ ಇಲ್ಲ. ಮೊದಲನೆಯದನ್ನು ಮಾತ್ರ ಈಗ ಮಾಡಿ.

ಅಷ್ಟು ಹಳೇ ಕೋಡ್ ಅಂದರೆ ಎಲ್ಲ ಕಡೆ `mysql_query` ಇರುತ್ತದೆ, ಅಲ್ವಾ? ಅದನ್ನು ಪಿಎಚ್‌ಪಿ 7ರಲ್ಲೇ ತೆಗೆದುಬಿಟ್ಟರು. ಹೆಸರು ಖಾಲಿ ಇರುವುದರಿಂದ ಅದೇ ಹೆಸರಿನಲ್ಲಿ ನೀವೇ ಒಂದು ಫಂಕ್ಷನ್ ಬರೆಯಬಹುದು:

```php
function mysql_query($q) {
  global $db;
  return mysqli_query($db, $q);
}
```

ಜೊತೆಗಿರುವ `mysql_fetch_array` ಥರದವಕ್ಕೂ ಹೀಗೇ. ಒಂದು ಎಚ್ಚರ: 8.1ರಿಂದ ಕ್ವೆರಿ ತಪ್ಪಾದರೆ `false` ಬರುವ ಬದಲು ಎಕ್ಸೆಪ್ಷನ್ ಬರುತ್ತದೆ. ಹಳೇ `or die` ಸಾಲುಗಳಿಗೆ ಸರದಿಯೇ ಬರುವುದಿಲ್ಲ. ಇದು ಬರೀ ತಾತ್ಕಾಲಿಕ ಕಾಲುಸಂಕ. ಇಂಜೆಕ್ಷನ್ ತೂತುಗಳು ಇದ್ದಲ್ಲೇ ಇರುತ್ತವೆ.

ಆಮೇಲೆ ಒಂದೊಂದೇ ಪುಟ ಹೊಸದು ಮಾಡಿ. ಮುಂದೆ nginx ಇಟ್ಟು, ಹೊಸ ಪುಟದ ವಿಳಾಸವನ್ನು ಮಾತ್ರ ಹೊಸ ಕೋಡ್‌ಗೆ ಕಳಿಸಿ. ಉಳಿದದ್ದು ಹಳೆಯದಕ್ಕೇ ಹೋಗಲಿ. ಸರಿ ಬರದಿದ್ದರೆ ಒಂದು ಸಾಲು ತೆಗೆದರೆ ಸಾಕು, ಮೊದಲಿನ ಹಾಗೇ.

ಹುಬ್ಬಳ್ಳಿಯಿಂದ ಒಬ್ಬರು: ನಮ್ಮ ತರಬೇತಿ ಆ್ಯಪ್ ಪೂರ್ತಿ ಫ್ಲ್ಯಾಶ್‌ನಲ್ಲಿತ್ತು. 2020ರ ಕೊನೆಗೆ ಫ್ಲ್ಯಾಶೇ ನಿಂತುಹೋಯಿತು. ಹೊಸದಾಗಿ ಬರೆದೆವು, ಚೆನ್ನಾಗಿಯೇ ಆಯಿತು. ಇವರೂ ಬರೆಯಲಿ ಬಿಡಿ.

ಹಳೇ ಸಿಸ್ಟಮ್‌ಗಳ ಕೆಲಸ ಮಾಡುವವರು: ನಿಮಗೆ ಬೇರೆ ದಾರಿಯೇ ಇರಲಿಲ್ಲ ಸರ್. ಕೋಡ್ ಓಡುವ ನೆಲವೇ ಹೋದರೆ ರಿಪೇರಿ ಯಾವುದಕ್ಕೆ ಮಾಡೋದು? ಪಿಎಚ್‌ಪಿ ಹಾಗಲ್ಲ, ಮುಂದಿನ ಆವೃತ್ತಿಗಳು ಬರುತ್ತಲೇ ಇವೆ.

ಪ್ರಶ್ನೆ ಕೇಳಿದವರು: ಬಿಲ್ ಲೆಕ್ಕದ ಫೈಲ್ ಒಂದೇ 2,000 ಸಾಲು ಇದೆ ಮೇಡಂ. ಅದನ್ನಾದರೂ ಪೈಥಾನ್‌ನಲ್ಲಿ ಹೊಸದಾಗಿ ಬರೆಯಲಾ?

ಹಳೇ ಸಿಸ್ಟಮ್‌ಗಳ ಕೆಲಸ ಮಾಡುವವರು: ಬರೆಯಿರಿ, ಆದರೆ ಕೊನೆಯಲ್ಲಿ. ಇಂಥದ್ದೇ ಒಂದು ಮಂಡಿಯಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಿಂದಿನ ವರ್ಷದ ಬಿಲ್‌ಗಳನ್ನು ಹೊಸ ಕೋಡ್‌ಗೆ ಕೊಟ್ಟು, ಎರಡೂ ಮೊತ್ತ ಹೋಲಿಸಿದೆ. ಹೆಚ್ಚಿನವು ಸರಿ ಬಂದವು. ಕೆಲವು ಮಾತ್ರ ಒಂದು, ಎರಡು ರೂಪಾಯಿ ಆಚೀಚೆ.

ಒಂದನ್ನು ಬಿಡಿಸಿ ನೋಡಿದೆ. ರಾಶಿ, ಬೆಟ್ಟೆ, ಗೊರಬಲು ಮೂರಕ್ಕೂ ಹಮಾಲಿ 10.50 ಬಂದಿತ್ತು. ಹಳೇ ಕೋಡ್ ಪ್ರತಿ ಸಾಲನ್ನೂ 11 ಮಾಡಿ 33 ಹಿಡಿದಿತ್ತು. ನಾನು ಮೊದಲು ಕೂಡಿಸಿದ್ದೆ. 31.50, ಅಂದರೆ 32. ಸರಿ, ಸಾಲಿಗೊಮ್ಮೆ `round` ಹಾಕೋಣ ಅಂತ ಹಾಕಿದರೆ 30 ಬಂತು! ಪೈಥಾನ್ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, 10.5 ಅದಕ್ಕೆ 10. ಕೊನೆಗೆ `Decimal` ಬಳಸಿ `ROUND_HALF_UP` ಅಂತ ಬರೆದ ಮೇಲೆ 33 ಬಂತು.

ಇದರಲ್ಲಿ ಯಾವುದು ಸರಿ ಅಂತ ಹೇಳುವವಳು ನಾನಲ್ಲ. ಮುನೀಮರನ್ನು ಕೇಳಿದೆ. "ನಮ್ಮ ಖಾತೆ ಪುಸ್ತಕದಲ್ಲೂ 33 ಇದೆ" ಅಂದರು. ಹೊಸದಾಗಿ ಬರೆಯುವಾಗ ಇಂಥ ನಿಯಮಗಳೇ ಕಳೆದುಹೋಗುವುದು. ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ, ಕೋಡ್‌ನಲ್ಲಿ ಮಾತ್ರ ಇರುತ್ತವೆ. ಹಾಗಾಗಿ ಒಂದು ಪೂರ್ತಿ ಸುಗ್ಗಿಯ ಬಿಲ್‌ಗಳು ಪೈಸೆ ಸಮೇತ ಹೊಂದುವ ತನಕ ಹಳೇ ಲೆಕ್ಕವೇ ರೈತರ ಕೈಗೆ ಹೋಗಲಿ.

ಬೆಂಗಳೂರಿನ ಡೆವಲಪರ್: ಇದನ್ನು ಒಪ್ಪುತ್ತೇನೆ. ರೈತರ ಹೆಸರು ಕನ್ನಡದಲ್ಲಿದ್ದರೆ ಅದನ್ನೂ ನೋಡಿಕೊಳ್ಳಿ. ಹಳೇ ಟೇಬಲ್ `latin1` ಇದ್ದು, ಹೊಸ ಕೋಡ್ `utf8mb4`ನಲ್ಲಿ ಓದಿದರೆ "ರ" ಇದ್ದಲ್ಲಿ `à²°` ಕಾಣುತ್ತದೆ. ಆಗ ಗಾಬರಿಯಾಗಿ `CONVERT TO` ಮಾತ್ರ ಕೊಡಬೇಡಿ, ಆ ಕಸವೇ ಕಾಯಂ ಆಗುತ್ತದೆ. ಕಾಲಂ ಅನ್ನು ಮೊದಲು `VARBINARY` ಮಾಡಿ, ಆಮೇಲೆ `utf8mb4`ಗೆ ತನ್ನಿ. ಬ್ಯಾಕಪ್ ಇಟ್ಟುಕೊಂಡೇ ಮಾಡಿ.

ಪ್ರಶ್ನೆ ಕೇಳಿದವರು: ಅಯ್ಯೋ, ನಮ್ಮದು `latin1`ಏ ಇದೆ, ಈಗ ನೋಡಿದೆ. ಇನ್ನೊಂದು ಸಂಶಯ. ಹಳೇ ಪುಟದಲ್ಲಿ ಲಾಗಿನ್ ಆದವರು ಪೈಥಾನ್ ಪುಟಕ್ಕೆ ಹೋದರೆ ಮತ್ತೆ ಲಾಗಿನ್ ಕೇಳುವುದಿಲ್ವಾ?

ಹಳೇ ಸಿಸ್ಟಮ್‌ಗಳ ಕೆಲಸ ಮಾಡುವವರು: ಕೇಳುತ್ತದೆ. ಸೆಷನ್ ಅನ್ನು ಎರಡೂ ಕಡೆಯವರು ಓದುವ ಟೇಬಲ್‌ನಲ್ಲಿ ಇಡಬಹುದು.

ಬೆಂಗಳೂರಿನ ಡೆವಲಪರ್: ಇಬ್ಬರೇ ಇರುವಾಗ ಎರಡು ಭಾಷೆ ಯಾಕೆ ಬೇಕು? ಹೊಸದನ್ನೂ ಪಿಎಚ್‌ಪಿಯಲ್ಲೇ ಬರೆದರೆ ಈ ಪ್ರಶ್ನೆಯೇ ಬರಲ್ಲ.

ಹಳೇ ಸಿಸ್ಟಮ್‌ಗಳ ಕೆಲಸ ಮಾಡುವವರು: ಅದೂ ಹೌದು. ಆದರೆ ಅವರ ಊರಿನಲ್ಲಿ ಮುಂದೆ ಯಾವ ಭಾಷೆ ಬಲ್ಲ ಹುಡುಗರು ಸಿಗುತ್ತಾರೆ ಅಂತ ಅವರೇ ನೋಡಬೇಕು.