ಸಹಾಯ ಬೇಕು: ಕ್ರಿಯಾಟಿನ್, ಮಂಡಿ ನೋವು ಮತ್ತು ಒಂದು ರಕ್ತ ಪರೀಕ್ಷೆ

ನಮಸ್ಕಾರ. ನಾನು ಮಡಿಕೇರಿಯವನು, ವಯಸ್ಸು 46, ವೆಟರನ್ಸ್ ಹಾಕಿ ಆಡುತ್ತೇನೆ. ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ಪುಡಿ ತೆಗೆದುಕೊಳ್ಳುತ್ತೇನೆ. ಸ್ಕ್ವಾಟ್ ಭಾರ ಚೆನ್ನಾಗಿ ಏರಿದೆ. ಆದರೆ ಬೆಳಿಗ್ಗೆ ತೋಟದ ಇಳಿಜಾರು ಇಳಿಯುವಾಗ ಮಂಡಿ ಚಿಪ್ಪಿನ ಕೆಳಗೆ ಚುಚ್ಚುತ್ತದೆ. ಕ್ರಿಯಾಟಿನ್ ಬಲ ಕೊಡುವುದು ಸ್ನಾಯುವಿಗೆ. ಸ್ನಾಯುವನ್ನು ಮೂಳೆಗೆ ಜೋಡಿಸುವ ಟೆಂಡನ್ ಗಟ್ಟಿಯಾಗಲು ತಿಂಗಳುಗಳೇ ಬೇಕು, ಅಲ್ವಾ? ಅದಕ್ಕೇ ಈಗ ಸ್ಕ್ವಾಟ್ ವಾರಕ್ಕೆ ಎರಡೇ ದಿನ, ಮೂರು ಸೆಟ್, ನಿಧಾನವಾಗಿ. ಮರುದಿನ ಬೆಳಿಗ್ಗೆ ನೋವು ಜಾಸ್ತಿಯಾದರೆ ಒಂದು ಸೆಟ್ ಕಡಿಮೆ ಮಾಡುತ್ತೇನೆ. ಪಂದ್ಯ ಇರುವ ವಾರ ನೀವು ಎಷ್ಟು ಮಾಡುತ್ತೀರಿ?

ಇನ್ನೊಂದು ವಿಷಯ. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಎಂದು ತಿಳಿಯಲು ನೋಡುವ ಕ್ರಿಯಾಟಿನಿನ್ ಸ್ವಲ್ಪ ಏರಿದೆ. ಈ ಪುಡಿ ತೆಗೆದುಕೊಂಡರೆ ಕಿಡ್ನಿ ಚೆನ್ನಾಗಿದ್ದರೂ ಹಾಗೆ ಬರಬಹುದು. ಆದರೂ ಸುಮ್ನೆ ಬಿಡಲು ಮನಸ್ಸಿಲ್ಲ. ಕಿಡ್ನಿಯನ್ನೇ ನೋಡುವ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆಗೆ ಸ್ನಾಯು, ಪುಡಿಗಳ ಗೊಂದಲ ಕಡಿಮೆ. ಅದನ್ನು ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ಎಲ್ಲಿ ಮಾಡುತ್ತಾರೆ? ಆಟಗಾರರ ಮಂಡಿ ನೋಡಿ ಅನುಭವ ಇರುವ ಫಿಸಿಯೋ ಗೊತ್ತಿದ್ದರೆ ದಯವಿಟ್ಟು ತಿಳಿಸಿ.