ಓದುಗರ ಸ್ಪಂದನ: ‘ಬೇಗ ಬಾ’ ಅನ್ನದೆ ಹೇಗೆ ಬೀಳ್ಕೊಡಲಿ?

ಕಳೆದ ಸಲ ಮುಂಬೈ ಹತ್ತಿರದ ಠಾಣೆಯ ಓದುಗರೊಬ್ಬರು ಹೀಗೆ ಕೇಳಿದ್ದರು: “ನಮ್ಮ ಅಕೌಂಟ್ಸ್ ವಿಭಾಗದ ಗೆಳತಿ ಹೆರಿಗೆ ರಜೆಗೆ ಹೊರಟಿದ್ದಾಳೆ. ಅದರ ಜೊತೆಗೆ ಸಂಬಳವಿಲ್ಲದ ರಜೆಯನ್ನೂ ಸೇರಿಸಿಕೊಂಡು ಸುಮಾರು ಒಂದು ವರ್ಷ ಇರೋದಿಲ್ಲ. ಆಮೇಲೆ ಏನು ಅಂತ ಇನ್ನೂ ತೀರ್ಮಾನಿಸಿಲ್ಲ ಎಂದು ನನಗೊಬ್ಬಳಿಗೇ ಹೇಳಿದ್ದಾಳೆ. ಎಲ್ಲರ ಪರವಾಗಿ ಕಾರ್ಡ್ ಬರೆಯುವ ಕೆಲಸ ನನಗೆ ಬಂದಿದೆ. ‘ಬೇಗ ವಾಪಸ್ ಬಾ, ನಿನ್ನ ಕುರ್ಚಿ ಕಾಯ್ತಿರುತ್ತೆ’ ಅಂತ ಬರಿ ಎನ್ನುತ್ತಾರೆ ಬಾಸ್. ನನಗೆ ಕೈ ಬರುತ್ತಿಲ್ಲ. ಏನು ಬರೆಯಲಿ?” ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಡೊಂಬಿವಲಿಯಿಂದ, ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಇದ್ದವರು

ನಿಮ್ಮ ಕೈ ತಡೆದದ್ದು ಸರಿಯಾಗಿಯೇ ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಸಂಬಳ ಸಹಿತ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಅದರಲ್ಲಿ ಹೆಚ್ಚೆಂದರೆ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಆದರೆ ಆ ವಾರಗಳು ಮುಗಿದ ಮೇಲೆ ಏನಾಗುತ್ತೆ ಅನ್ನೋದು ಅವಳ ಮನಸ್ಸೊಂದರ ಮೇಲೆ ನಿಂತಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಆಫೀಸಿಗೆ ಹತ್ತಿರ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರ್ ಸಿಗುತ್ತಾ, ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ, ಪೀಕ್ ಅವರ್‌ನಲ್ಲಿ ಲೋಕಲ್ ರೈಲು ಹತ್ತೋಕೆ ಮೈಯಲ್ಲಿ ಶಕ್ತಿ ಇರುತ್ತಾ? ಇದ್ಯಾವುದೂ ಇವತ್ತು ಅವಳಿಗೇ ಗೊತ್ತಿಲ್ಲ. ಕಾರ್ಡಿಗೆ ಹೇಗೆ ಗೊತ್ತಿರಬೇಕು?

ಹಾಗಂತ ‘ಇನ್ಮೇಲೆ ಆಫೀಸ್ ಮರೆತು ಅಮ್ಮನಾಗಿ ಖುಷಿಯಾಗಿರು’ ಅಂತಲೂ ಬರೆಯಬೇಡಿ. ಅದೂ ಅವಳ ಪರವಾಗಿ ನೀವೇ ತೀರ್ಮಾನ ಮಾಡಿದ ಹಾಗೆ. ವಾಪಸ್ ಬರಬೇಕು ಅಂತ ಆಸೆ ಇಟ್ಟುಕೊಂಡವಳಿಗೆ ಅದನ್ನು ಓದಿದರೆ ಎದೆ ಧಸಕ್ಕೆನ್ನುತ್ತೆ. ‘ರಜೆ ಎಂಜಾಯ್ ಮಾಡು’ ಕೂಡ ಬೇಡ. ರಾತ್ರಿ ಎರಡೆರಡು ಗಂಟೆಗೊಮ್ಮೆ ಏಳೋದು ರಜೆಯಲ್ಲ.

ನಾನಾದರೆ ಮುಂದಿನ ಮಾತನ್ನು ಕಡಿಮೆ ಮಾಡಿ, ಆಗಿಹೋದ ಮಾತನ್ನು ಜಾಸ್ತಿ ಬರೆಯುತ್ತೇನೆ. ಆಗಿಹೋದದ್ದರಲ್ಲಿ ಊಹೆ ಇರೋದಿಲ್ಲ, ಅದು ಅವಳದ್ದೇ. ‘ತುಂಬಾ ಚೆನ್ನಾಗಿ ಕೆಲಸ ಮಾಡಿದೆ’ ಅನ್ನೋದು ಯಾರ ಕಾರ್ಡಿಗಾದರೂ ಹೊಂದುತ್ತೆ. ಅವಳೊಬ್ಬಳಿಗೇ ಹೊಂದುವ ಒಂದು ಸಂಗತಿ ಹುಡುಕಿ. ನಿಮ್ಮದು ಅಕೌಂಟ್ಸ್ ಅಂದಿರಿ, ಹಾಗಾಗಿ ಹೀಗೊಂದು ಬರೆದು ನೋಡಿದೆ:

“20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಹತ್ತಿರ ಬಂದಾಗ ಲೆಕ್ಕ ತಾಳೆ ಆಗದೆ ನಾವೆಲ್ಲ ಗಾಬರಿಯಾಗುತ್ತಿದ್ದೆವು. ನೀನು ಚಹಾ ಪಕ್ಕಕ್ಕಿಟ್ಟು ಒಂದೊಂದೇ ಬಿಲ್ ತೆಗೆದು ನೋಡುತ್ತಿದ್ದೆ. ತಪ್ಪು ಸಿಕ್ಕ ಮೇಲೂ ಅದು ಯಾರದ್ದು ಅಂತ ಒಂದು ದಿನವೂ ಕೇಳಲಿಲ್ಲ. ನಾವು ಇಷ್ಟು ನೆಮ್ಮದಿಯಿಂದ ಕೆಲಸ ಮಾಡಿದ್ದು ನಿನ್ನಿಂದ. ಈ ದಿನಗಳಲ್ಲಿ ನಿನ್ನ ಆರೋಗ್ಯ ಚೆನ್ನಾಗಿರಲಿ, ನಿನ್ನ ಪಕ್ಕದಲ್ಲಿ ನಿನಗೆ ಬೇಕಾದವರು ಇರಲಿ. ಮುಂದೆ ಏನೇ ಮಾಡಿದರೂ ನಾವು ನಿನ್ನ ಗೆಳೆಯರೇ.”

ಇದರಲ್ಲಿ ವಾಪಸ್ ಬರುವ ತಾರೀಖಿಲ್ಲ, ಕುರ್ಚಿಯಿಲ್ಲ, ಗಂಡೋ ಹೆಣ್ಣೋ ಅನ್ನೋ ಮಾತಿಲ್ಲ. ತವರಿನ ಮಾತೂ ಇಲ್ಲ. ಎಲ್ಲರೂ ತವರಿಗೇ ಹೋಗೋದಿಲ್ಲ, ಹೋಗೋಕೆ ಎಲ್ಲರಿಗೂ ತವರಿರೋದೂ ಇಲ್ಲ. ಹೊರಡುವಾಗ ಬಾಯಲ್ಲಿ ‘ಹೋಗಿ ಬಾ’ ಅನ್ನೋದು ಬೇರೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಇನ್ನೊಂದು ಮಾತು. ಕೆಲಸ ಯಾರಿಗೆ ಒಪ್ಪಿಸಿದ್ದಾಳೆ, ಯಾವ ಫೈಲ್ ಎಲ್ಲಿದೆ ಅನ್ನೋದೆಲ್ಲ ಬೇರೆ ಮೇಲ್‌ನಲ್ಲಿ ಹೋಗಲಿ. ಕಾರ್ಡಿನಲ್ಲಿ ‘ಡೌಟ್ ಬಂದರೆ ಫೋನ್ ಮಾಡ್ತೀವಿ’ ಅಂತ ಒಂದು ಸಾಲು ನುಸುಳಿದರೂ ಬರೆದದ್ದೆಲ್ಲ ಕೆಟ್ಟಂತೆ.

ಮಾಟುಂಗಾದಿಂದ, ಇಬ್ಬರು ಮಕ್ಕಳ ತಾಯಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾನು ರಜೆಗೆ ಹೊರಟಾಗ ಯಾರೂ ‘ಬಾ’ ಅನ್ನಲಿಲ್ಲ. ಕೇಕ್ ಕತ್ತರಿಸಿ, ಕೈಗೊಂದು ಬೆಳ್ಳಿ ಲೋಟ ಕೊಟ್ಟು ಕಳಿಸಿದರು. ನನ್ನ ಲೆಕ್ಕ ಮುಗಿಸಿಬಿಟ್ಟರೇನೋ ಅಂತ ಮನೆಗೆ ಬಂದು ಅತ್ತಿದ್ದೆ. ಆದ್ದರಿಂದ ಊಹೆ ಬೇಡ ಅಂತ ಮಾತೇ ಆಡದೆ ಇರಬೇಡಿ. ನೀನು ಬೇಕು ಅನ್ನೋದು ಅವಳಿಗೆ ಕೇಳಿಸಲೇಬೇಕು. ‘ನಿನ್ನ ಜೊತೆ ಮತ್ತೆ ಕೆಲಸ ಮಾಡೋಕೆ ಸಿಕ್ಕರೆ ನನಗೆ ಬಹಳ ಖುಷಿ. ಸಿಗದಿದ್ದರೂ ನಮ್ಮ ಭಾನುವಾರದ ಇಡ್ಲಿ ತಪ್ಪಬಾರದು’ ಅಂತ ಬರೆಯಬಹುದಲ್ವಾ? ಇದು ನಿಮ್ಮ ಆಸೆ. ಅವಳ ಮೇಲೆ ಹೊರೆ ಇಲ್ಲ. ಎರಡನೇ ವಾಕ್ಯ ಮಾತ್ರ ಬಿಡಬೇಡಿ, ಅದಿಲ್ಲದೆ ಮೊದಲನೆಯದು ಒತ್ತಾಯದ ಹಾಗೆ ಕೇಳಿಸುತ್ತೆ.

ಪುಣೆಯಿಂದ, ಒಂದು ತಂಡ ನೋಡಿಕೊಳ್ಳುವವರು

ನಿಮ್ಮ ಬಾಸ್‌ಗೆ ಅವಳು ವಾಪಸ್ ಬರುವ ತಾರೀಖು ಬೇಕಿರೋದು ಕೆಲಸ ಹಂಚೋಕೆ. ಅದು ರಜೆಯ ಅರ್ಜಿಯಲ್ಲಿದೆ, ಕಾರ್ಡಿನಲ್ಲಿ ಬೇಡ ಅಂತ ನೇರವಾಗಿ ಹೇಳಿ, ಒಪ್ಪುತ್ತಾರೆ. ಅವಳು ನಿಮಗೊಬ್ಬರಿಗೇ ಹೇಳಿದ ಮಾತನ್ನು ಮಾತ್ರ ಕಾರಣವಾಗಿ ಎತ್ತಬೇಡಿ. ವಾಟ್ಸಾಪ್ ಗ್ರೂಪಿನ ವಿಷಯವನ್ನೂ ಈಗಲೇ ಅವಳನ್ನು ಕೇಳಿ. ಇರಬೇಕಾ, ಮ್ಯೂಟ್ ಮಾಡಿಕೊಳ್ಳುತ್ತಾಳಾ, ಹೊರಗೆ ಬರುತ್ತಾಳಾ ಅಂತ. ಕೇಳದೆ ತೆಗೆದರೂ ನೋವು, ಕೇಳದೆ ಇಟ್ಟುಕೊಂಡರೂ ಕಾಟ.

ಗೋವಾದ ವಾಸ್ಕೋದಿಂದ, ಕೆಲಸಕ್ಕೆ ಮರಳದವರು

ನನ್ನ ಕಾರ್ಡಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಗುವಿನ ಬಗ್ಗೆಯೇ ಬರೆದಿದ್ದರು. ‘ಪುಟ್ಟ ರಾಜಕುಮಾರನಿಗೆ ಕಾಯುತ್ತಿದ್ದೇವೆ’, ‘ಫೋಟೋ ಮೊದಲು ನಮಗೆ’ ಅಂತೆಲ್ಲ. ನನಗೆ ದಿನ ತುಂಬುವ ಮೊದಲೇ ಹೆರಿಗೆ ಆಯಿತು. ಮಗು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿತ್ತು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬ್ಯಾಗಿನಲ್ಲೇ ಉಳಿದಿದ್ದ ಆ ಕಾರ್ಡ್ ತೆಗೆದೆ. ಎರಡು ಸಾಲು ಓದಿ ಮಡಚಿಟ್ಟೆ. ಒಬ್ಬರದ್ದು ಮಾತ್ರ ಪೂರ್ತಿ ಓದಲು ಆಯಿತು. ನಮ್ಮ ಸ್ಟೋರ್ಸ್‌ನ ಹಿರಿಯ ಕೊಂಕಣಿ ಹೆಂಗಸೊಬ್ಬರು ಬರೆದಿದ್ದು. ಮಳೆಗಾಲದಲ್ಲಿ ಅವರ ಒದ್ದೆ ಛತ್ರಿಯನ್ನು ದಿನಾ ನಾನು ಬಿಚ್ಚಿ ಒಣಗಿಸುತ್ತಿದ್ದದ್ದನ್ನು ಬರೆದು, ‘ನೀನು ಹುಷಾರಾಗಿರು, ಉತ್ತರ ಬರೆಯಬೇಕಂತಿಲ್ಲ’ ಅಂದಿದ್ದರು. ಅದರಲ್ಲಿ ಮಗುವಿನ ಮಾತೇ ಇರಲಿಲ್ಲ. ಅದು ನನಗೆ ಬರೆದದ್ದಾಗಿತ್ತು.

ಮಗಳು ಈಗ ಶಾಲೆಗೆ ಹೋಗುತ್ತಾಳೆ, ಚೆನ್ನಾಗಿದ್ದಾಳೆ. ಆದರೆ ನಿಮ್ಮ ಕಾರ್ಡನ್ನು ನಿಮ್ಮ ಗೆಳತಿ ಯಾವ ಸ್ಥಿತಿಯಲ್ಲಿ ಓದುತ್ತಾಳೋ ಬರೆಯುವಾಗ ನಿಮಗೆ ಗೊತ್ತಿರೋದಿಲ್ಲ. ಎಲ್ಲ ಸರಿಹೋದಾಗಲೂ, ಹೋಗದಾಗಲೂ ಓದಲು ಆಗುವಂತಿರಲಿ. ಅದಕ್ಕೆ ದಾರಿ ಒಂದೇ, ಅವಳಿಗೆ ಬರೆಯಿರಿ. ‘ಉತ್ತರ ಬೇಡ’ ಅನ್ನೋದನ್ನೂ ಸೇರಿಸಿ. ಎಷ್ಟು ದಿನ ಆದರೂ ಥ್ಯಾಂಕ್ಸ್ ಕೂಡ ಹೇಳಿಲ್ಲವಲ್ಲ ಅನ್ನೋ ಕೊರಗೇ ನನ್ನನ್ನು ಹಳೆಯ ಗೆಳೆಯರಿಂದ ದೂರ ಮಾಡಿತು. ಕೆಲಸ ಬಿಟ್ಟದ್ದರಿಂದ ದೂರವಾಗಲಿಲ್ಲ.

ಕಾರ್ಡು ಎಲ್ಲರಿಗೂ ತಿಳಿಯುವ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರಲಿ. ನಿಮ್ಮದೊಂದು ಚೀಟಿಯನ್ನು ಕನ್ನಡದಲ್ಲಿ ಬೇರೆಯಾಗಿ ಬರೆದು ಒಳಗಿಡಿ. ಕೇಕಿನ ಮುಂದೆ ಗಟ್ಟಿಯಾಗಿ ಓದಿಸಬೇಡಿ. ಹೊರಡುವ ಎರಡು ದಿನ ಮೊದಲೇ ಕೈಗೆ ಕೊಟ್ಟುಬಿಡಿ. ಕೆಲವರಿಗೆ ಕೊನೆಯ ದಿನದವರೆಗೆ ಕೆಲಸಕ್ಕೆ ಬರಲು ಆಗೋದಿಲ್ಲ.